ಎಂಬತ್ತು ಸಾಲದು

ನರ್ಸಿಂಗ್ ಶಾಲೆಯಲ್ಲಿ ಔಷಧದ ಅಳತೆ ಲೆಕ್ಕ ಕಲಿಸುವ ಶಿಕ್ಷಕಿಗೆ ಹುಡುಗಿಯರು ಇಟ್ಟ ಹೆಸರು ಸಿಡಿಮದ್ದು. ತಪ್ಪು ಲೆಕ್ಕ ಕಂಡರೆ ಅವರಿಗೆ ಸಿಟ್ಟು ನೆತ್ತಿಗೇರುತ್ತದೆ. ಆ ದಿನ ಒಬ್ಬ ವಿದ್ಯಾರ್ಥಿನಿ ಹೆಚ್ಚುವರಿ ತರಗತಿ ಬೇಡವೆಂದಳು. ಸರಾಸರಿ ಎಪ್ಪತ್ತೈದು ಮುಟ್ಟದಿದ್ದರೆ ಅವಳ ಸೀಟು ಹೋಗುತ್ತಿತ್ತು. ಮುಗಿದ ನಾಲ್ಕು ಪರೀಕ್ಷೆಗಳ ಸರಾಸರಿ ಎಪ್ಪತ್ತು. ಇನ್ನು ಎರಡು ಬಾಕಿ.

“ಎರಡರಲ್ಲೂ ಎಂಬತ್ತು ತೆಗೆದ್ರೆ ಸಾಕಂತೆ ಮೇಡಂ. ಪ್ರಿನ್ಸಿಪಾಲರೇ ಹೇಳಿದ್ರು.”

ಸಿಡಿಮದ್ದು ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು.

“ಎಪ್ಪತ್ತಕ್ಕೂ ಎಂಬತ್ತಕ್ಕೂ ನಡುವೆ ಎಪ್ಪತ್ತೈದು. ಅದರಲ್ಲೇನ್ರೀ ತಪ್ಪು?” ಎಂದರು ಪ್ರಿನ್ಸಿಪಾಲರು.

“ನಾಲ್ಕು ಪರೀಕ್ಷೆಗೂ ಎರಡು ಪರೀಕ್ಷೆಗೂ ಒಂದೇ ತೂಕಾನಾ ಸರ್? ಆರಕ್ಕೆ ಎಪ್ಪತ್ತೈದರಂತೆ ನಾನೂರೈವತ್ತು ಬೇಕು. ನಾಲ್ಕರಲ್ಲಿ ಬಂದಿರೋದು ಇನ್ನೂರೆಂಬತ್ತು. ಉಳಿದ ನೂರೆಪ್ಪತ್ತನ್ನ ಎರಡಕ್ಕೆ ಹಂಚಿದ್ರೆ ಎಂಬತ್ತೈದು. ನಿಮ್ಮ ಮಾತು ನಂಬಿದ್ರೆ ಆ ಮಗು ಮನೆಗೆ ಹೋಗ್ತಿತ್ತು!”

“ಐದು ಅಂಕಕ್ಕೆ ಇಷ್ಟು ಕೂಗಾಟಾನಾ?”

“ಸಿರಿಂಜಿಗೆ ಔಷಧ ತುಂಬುವಾಗ್ಲೂ ಹೀಗೇ ಅಂತೀರಾ?”

ಹುಡುಗಿ ತರಗತಿಗೆ ಬಂದಳು. ಒಂದರಲ್ಲಿ ಎಂಬತ್ತಮೂರು, ಇನ್ನೊಂದರಲ್ಲಿ ಎಂಬತ್ತೇಳು ತೆಗೆದಳು; ಸೀಟು ಉಳಿಯಿತು. ಸಿಬ್ಬಂದಿ ಸಭೆಯಲ್ಲಿ ಪ್ರಿನ್ಸಿಪಾಲರು, “ಎಂಬತ್ತು ತೆಗೆದ್ರೆ ಸಾಕು ಅಂತ ನಾನು ಆವತ್ತೇ ಹೇಳಿದ್ದೆ” ಎಂದು ಬೀಗಿದರು.

ಸಿಡಿಮದ್ದು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.