ಹಿಂದಿನ ಗೋಡೆಯ ಬೋರ್ಡು

ದೆಹಲಿ ಅಂಚಿನ ಆ ಪುಟ್ಟ ಶಾಲೇಲಿ ಎರಡೇ ಕೋಣೆ, ಇಬ್ಬರೇ ಟೀಚರು. ನನ್ನ ಕೋಣೇಲಿ ಒಂದರಿಂದ ಮೂರನೇ ಕ್ಲಾಸು. ಮೊದಲ ದಿನ ಎಲ್ಲರಿಗೂ ಒಟ್ಟಿಗೆ ಭಾಗಾಕಾರ ಹೇಳಿಕೊಟ್ಟೆ. ಒಂದನೇ ಕ್ಲಾಸು ಅತ್ತಿತು, ಮೂರನೇದು ನಕ್ಕಿತು, ನಾನು ಎರಡನ್ನೂ ಮಾಡಿದೆ.

ಪಕ್ಕದ ಕೋಣೆಯ ಮೇಡಂ ಗದರಿದರು: "ಅರೇ, ಮೂರನೇದನ್ನ ಹಿಂದಿನ ಬೋರ್ಡಿಗೆ ತಿರುಗಿಸಿ ಕೂರಿಸಪ್ಪಾ! ಅವರಿಗೆ ಲೆಕ್ಕ ಕೊಟ್ಟು, ಚಿಕ್ಕೋರಿಗೆ ಪಾಠ ಮಾಡು. ಆಮೇಲೆ ಚಿಕ್ಕೋರಿಗೆ ಬರೆಯೋಕೆ ಕೊಟ್ಟು ಅತ್ತ ಹೋಗು."

ಅಂದಿನಿಂದ ಟೇಬಲ್ ಫ್ಯಾನಿನ ಥರ ತಿರುಗ್ತಾನೇ ಇದ್ದೆ. ಎರಡನೇ ಕ್ಲಾಸಿನವರು ಒಂದನೇಯವರ ಕೈ ಹಿಡಿದು ಬರೆಸೋರು.

ಈಗ ದೊಡ್ಡ ಶಾಲೆ, ನನಗೆ ಒಂದೇ ಕ್ಲಾಸು. ನಿನ್ನೆ ಲೆಕ್ಕ ಕೊಟ್ಟು, ಹಿಂದಿನ ಗೋಡೆಗೆ ನಡೆದು, "ಚಲೋ, ಈಗ ನೀವು" ಅಂದೆ.

"ಸರ್‌ಜೀ, ಅಲ್ಲಿ ಯಾರೂ ಇಲ್ಲ!"

ಗೊತ್ತು ಪುಟ್ಟಾ. ಅದಕ್ಕೇ ಸಂಕಟ.