ನಾವು ಮಾತಾಡಿದ ಬಾಕ್ಸ್ ವಿಷಯ

ಗೋಕಾಕದಲ್ಲಿ ನನ್ನ ಅಣ್ಣ ರಟ್ಟಿನ ಬಾಕ್ಸ್ ತಯಾರಿಸುತ್ತಾನೆ. ದೊಡ್ಡ ಗಿರಾಕಿಯೊಬ್ಬರು ಕೈಬಿಟ್ಟ ಮೇಲೆ ಯಂತ್ರ ಅರ್ಧ ದಿನ ಸುಮ್ಮನೆ ನಿಲ್ಲತೊಡಗಿತು. ಮೂಡಲಗಿ, ಹುಕ್ಕೇರಿ ಕಡೆಯ ಬೇಕರಿ, ಚಟ್ನಿಪುಡಿ, ಎಣ್ಣೆ ಗಾಣದವರಿಗೆ, ಅಂದರೆ ನಮ್ಮನ್ನು ಅರಿಯದವರಿಗೆ, ಈಮೇಲ್ ಬರೆಯುವ ಕೆಲಸ ನನಗೆ ಬಂತು.

ನಾನು ನಿಧಾನವಾಗಿ ಯೋಜಿಸಿದೆ. ಒಬ್ಬೊಬ್ಬರಿಗೆ ನಾಲ್ಕು ಮೇಲ್. ಮೊದಲನೆಯದರ ಮೂರು ದಿನಕ್ಕೆ ಎರಡನೆಯದು, ಅದರ ವಾರಕ್ಕೆ ಮೂರನೆಯದು, ಮತ್ತೆ ಎರಡು ವಾರ ಬಿಟ್ಟು ಕೊನೆಯದು. ಅಂತರ ಹಿಗ್ಗುತ್ತ ಹೋದರೆ ಓದುವವರಿಗೆ ಕಿರಿಕಿರಿ ಕಡಿಮೆ. ಉತ್ತರ ಬಂದರೆ, ಬೇಡವೆಂದರೂ ಸರಿ, ಅಲ್ಲಿಗೇ ನಿಲ್ಲಬೇಕು. ಅಂಗಡಿ ತೆರೆಯುವ ಹೊತ್ತು ಬೇಡ, ಸಂತೆಯ ದಿನ ಬೇಡ. ಊಟವಾಗಿ ಗಿರಾಕಿ ಕಡಿಮೆಯಾದಾಗ ಮೇಲ್ ಹೋಗಬೇಕು. ವಿಷಯದ ಸಾಲು ಫೋನಿನ ಪರದೆಯಲ್ಲಿ ಪೂರ್ತಿ ಕಾಣುವಷ್ಟು ಚಿಕ್ಕದಿರಬೇಕು. ‘ಚಟ್ನಿಪುಡಿಗೆ ಸಣ್ಣ ಬಾಕ್ಸ್’ ಎಂದು ಬರೆದೆ.

ಮೊದಲ ಕಂತಿನ ಅಂಗಡಿಯವರಲ್ಲಿ ಯಾರೂ ಉತ್ತರಿಸಲಿಲ್ಲ.

“ಇದನ್ನ ಯಾರ ತೆರೀತಾರ?” ಅಂದ ಅಣ್ಣ. “ನಾವು ಮಾತಾಡಿದ ಬಾಕ್ಸ್ ವಿಷಯ ಅಂತ ಹಾಕು. ಅದರ ಮುಂದ ಆ ರಿಪ್ಲೈದ್ದು ‘Re’ ಅನ್ನೋ ಎರಡ ಅಕ್ಷರನೂ ಇರಲಿ.”

ನಮ್ಮದೇ ಮೊದಲ ಮೇಲ್‌ಗೆ ಜೋಡಿಸಿ ಎರಡನೆಯದನ್ನು ಕಳಿಸಿದರೆ ಆ ಅಕ್ಷರಗಳು ತಾವಾಗಿ ಬೀಳುತ್ತವೆ. ಮೊದಲನೆಯದಕ್ಕೇ ಕೈಯಿಂದ ಹಾಕುವುದು ಬೇರೆ.

“ಮಾತಾಡೇ ಇಲ್ಲಲ್ಲ ಅಣ್ಣಾ.”

“ಮುಂದ ಮಾತಾಡ್ತೀವಲ್ಲ. ಅಡ್ವಾನ್ಸ್ ಬರದೀವಿ ಅಂತ ತಿಳ್ಕೊ.”

ನಾನೂ ನಕ್ಕೆ. ನಾನೇ ಟೈಪ್ ಮಾಡಿ ಎರಡನೆಯ ಕಂತಿನವರಿಗೆ ಕಳಿಸಿದೆ.

ಮರುದಿನ ಮೂಡಲಗಿಯ ಚಟ್ನಿಪುಡಿ ಅಂಗಡಿಯಿಂದ ಉತ್ತರ ಬಂತು: ‘ನೆನಪಾಗುತ್ತಿಲ್ಲ. ನಾನು ಏನು ಹೇಳಿದ್ದೆ? ದಯವಿಟ್ಟು ತಿಳಿಸಿ.’ ಅಣ್ಣ ಅದನ್ನು ಯಂತ್ರದ ಹುಡುಗರಿಗೆ ಓದಿ ಹೇಳಿದ. ಅದರ ಮಾರನೆಯ ದಿನ ನಾನು ಮಾದರಿ ಬಾಕ್ಸ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಅಂಗಡಿಯಲ್ಲಿ ಬಿಳಿ ಟೊಪ್ಪಿಗೆಯ ಮುದುಕರೊಬ್ಬರು ಸ್ಟೂಲಿನ ಮೇಲಿದ್ದರು. ಗಲ್ಲಾದ ಹಿಂದೆ ಅವರ ಮಗ. ಗೋಕಾಕದಿಂದ ಬಾಕ್ಸಿನ ಮೇಲ್ ಬರೆದವಳು ನಾನೇ ಎಂದೆ.

“ಬಾರವಾ, ಕುಂದರು,” ಅಂದರು ಮುದುಕರು. “ತಪ್ಪ ತಿಳ್ಕೋಬ್ಯಾಡ. ರಾತ್ರಿ ಎಲ್ಲಾ ವಿಚಾರ ಮಾಡೀನಿ. ಎಲ್ಲಿ ಮಾತಾಡಿದ್ವಿ, ಏನ್ ಮಾತಾಡಿದ್ವಿ, ಒಂದೂ ನೆನಪಾಗವಲ್ದು.”

“ಹೋದ ತಿಂಗಳ ಅಪ್ಪಾರು ಮರ್ತು ಮೆಣಸಿನಕಾಯಿ ಎರಡ ಸಲ ತರಿಸಿದ್ರು, ಈಗ ಇದು,” ಅಂದ ಮಗ, ನನ್ನ ಕಡೆ ನೋಡುತ್ತ. “ಅದಕ್ಕ ನಿನ್ನೆಯಿಂದ ಅವರ ಫೋನ್ ನಾನ ಇಟ್ಕೊಂಡೇನ್ರಿ. ಇನ್ನ ಆರ್ಡರ್ ಎಲ್ಲಾ ನನಗ ಹೇಳ್ರಿ.”

ಫೋನು ಗಲ್ಲಾದ ಮೇಲಿತ್ತು. ಮುದುಕರು ಅದರತ್ತ ನೋಡಲಿಲ್ಲ.

“ಮಾತ ಕೊಟ್ಟೇನಿ ಅಂದ್ರ ಉಳಸ್ಕೋಬೇಕು,” ಅಂದರು. “ಎಷ್ಟು ಬಾಕ್ಸ್ ಅಂದಿದ್ನೋ ಅಷ್ಟು ಬರ್ಕೋ ತಂಗಿ.”

ಆಗ ನಾನು ಒಂದು ಸಂಖ್ಯೆ ಹೇಳಿದ್ದರೆ ಸಾಕಿತ್ತು. ಆ ಸಂಖ್ಯೆ ಬಾಯಿಗೆ ಬಂದೂ ಇತ್ತು, ಇದನ್ನು ಬರೆಯಲೇಬೇಕು. ಚೀಲದ ಹಿಡಿಕೆ ಬಿಟ್ಟು ಹೇಳಿದೆ:

“ಕಾಕಾ, ನಾವು ಮಾತಾಡೇ ಇಲ್ರಿ. ನಿಮ್ಮನ್ನ ನೋಡಿದ್ದೂ ಇವತ್ತ.”

“ಫೋನಿನ್ಯಾಗೂ ಇಲ್ಲ?”

“ಇಲ್ರಿ.”

“ಹಂಗಾದ್ರ ನಾ ಮರ್ತಿಲ್ಲ.”

“ಇಲ್ರಿ. ನಾವು ಸುಳ್ಳ ಬರದೀವಿ.”

“ಯಾಕ?”

“ತೆರದ ನೋಡ್ಲಿ ಅಂತ್ರಿ.”

ಅವರು ಬೈಯುತ್ತಾರೆಂದು ಕಾದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಮಗನತ್ತ ಕೈ ಚಾಚಿದರು. ಅವನು ಫೋನ್ ಕೊಟ್ಟ. “ಮೆಣಸಿನಕಾಯಿದ್ದು ಖರೆ ಐತಿ ಮತ್ತ,” ಅಂದ.

“ಅದು ಖರೆ,” ಎಂದು ಒಪ್ಪಿಕೊಂಡ ಮುದುಕರು ಫೋನನ್ನು ಅಂಗಿಯ ಜೇಬಿಗಿಟ್ಟು ಮೇಲಿನಿಂದ ಒಮ್ಮೆ ಒತ್ತಿ ನೋಡಿಕೊಂಡರು. ಆಮೇಲೆ ಕೇಳಿದರು: “ಹಿಂಗ ಇನ್ನ ಎಷ್ಟ ಮಂದಿಗೆ ಬರದೀರಿ?”

ಚಹಾ ತರಿಸಿದರು. ಕುಡಿದು ಎದ್ದೆ. ಬಾಕ್ಸ್ ತೋರಿಸಲಿಲ್ಲ.

ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತು ಮುಂದೆ ಹೋಗಬೇಕಿದ್ದ ಮೇಲ್‌ಗಳನ್ನೆಲ್ಲ ನಿಲ್ಲಿಸಿದೆ. ಅದೇ ಸಾಲು ಹೋದವರಿಗೆಲ್ಲ ಹೊಸದೊಂದು ಬರೆದೆ. ವಿಷಯ: ‘ನಾವು ಮಾತಾಡಿರಲಿಲ್ಲ.’ ಒಳಗೆ ಎರಡೇ ಸಾಲು, ಕ್ಷಮಿಸಿ ಎಂದು. ಕಳಿಸುವಷ್ಟರಲ್ಲಿ ಅಣ್ಣನ ಫೋನ್.

“ಹುಕ್ಕೇರಿ ಬೇಕರಿಯವರು ಬರದಾರ ನೋಡು. ‘ಹೌದು, ನೆನಪಿದೆ. ನಾವು ಹೇಳಿದಷ್ಟೇ ಬಾಕ್ಸ್ ಕಳಿಸಿ’ ಅಂತ.” ಅವನು ನಗುತ್ತಿದ್ದ. “ಏನ್ ಹೇಳಿದ್ರು ಅವರು?”

ಆ ಬೇಕರಿಯವರೂ ಒಂದು ರಾತ್ರಿ ವಿಚಾರ ಮಾಡಿರಬೇಕು. ಮರೆತೆನೆನ್ನಲು ನಾಚಿ ನೆನಪಿದೆ ಎಂದು ಬರೆದಿರಬೇಕು. ಹೊಸ ಮೇಲನ್ನು ಮೊದಲು ಅವರಿಗೇ ಕಳಿಸಿದೆ.