ಎರಡು ಸಾವಿರ ವರ್ಷದ ಗೋಡೆ

ಕುಂಜತ್ತೂರಿನ ಶಹಾನಾಳ ನಾಲಿಗೆ ಬಲು ಹರಿತ. ಬಟ್ಟೆ ಅಂಗಡಿಯ ಅವಳಪ್ಪ ಇಬ್ರಾಹಿಂ, "ಮಣ್ಣು ಕೆರೆಯಲಿಕ್ಕೆ ಎಂ.ಎ. ಎಂತಕ್ಕೆ ಮಗಳೇ?" ಎಂದರೆ, "ಲುಂಗಿ ಹರಿದು ಕೊಡುವಷ್ಟು ಸುಲಭ ಅಲ್ಲ ಉಪ್ಪಾ" ಎನ್ನುತ್ತಿದ್ದಳು. 2014ರಲ್ಲಿ, ದೇಲಂಪಾಡಿ ಕಡೆಯ ಒಂದು ಗುಡ್ಡದ ಮೇಲೆ, ಮೊದಲ ಬಾರಿಗೆ ಒಂದು ಗುಂಡಿಯ ಉತ್ಖನನ ಅವಳ ಹೊಣೆಗೆ ಬಂತು. ವರದಿಯಲ್ಲಿ ಅವಳ ಹೆಸರು ಬರುವುದಿತ್ತು. ಅದಕ್ಕಾಗಿ ಅವಳು ಎಷ್ಟು ವರ್ಷ ಕಾದಿದ್ದಳೋ!

ಉತ್ಖನನದ ಯಜಮಾನ ಶಿವಸುಬ್ರಹ್ಮಣ್ಯ ಎಂಬ ಪ್ರೊಫೆಸರು. ಗುಂಡಿಯ ತಳದ ಕರಿಮಣ್ಣಿನ ಪದರದಲ್ಲಿ ಎರಡು ಸಾವಿರ ವರ್ಷ ಹಳೆಯ ಕಪ್ಪು-ಕೆಂಪು ಮಡಕೆ ಚೂರು ಸಿಕ್ಕಿದವು. ಪಕ್ಕದಲ್ಲೇ ಒಂದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗೋಡೆಯ ಬುಡ. ಇಷ್ಟು ಸಾಕಾಯಿತು ಮಹಾಶಯರಿಗೆ! ಆಳ ಒಂದೇ, ಹಾಗಾಗಿ ಗೋಡೆಯೂ ಅದೇ ಕಾಲದ್ದು ಎಂದು ಸಾರಿ, ಪತ್ರಕರ್ತರನ್ನೂ ಕರೆದುಬಿಟ್ಟರು.

ಫೋಟೋಕ್ಕೆ ಚೆನ್ನಾಗಿ ಕಾಣಲೆಂದು ಗುಂಡಿಯ ಬದಿಯನ್ನು ಕೆರೆಸಿ ನೀರು ಚಿಮುಕಿಸಿದ್ದೂ ಅವರೇ. ಒದ್ದೆಯಾದ ಮಣ್ಣಿನಲ್ಲಿ ಬಣ್ಣಗಳು ಬೇರೆಬೇರೆಯಾಗಿ ಎದ್ದವು. ಹಂಚಿನ ಚೂರುಗಳಿದ್ದ ಮೇಲಿನ ಪದರದಿಂದ ಒಂದು ಗೆರೆ ನೆಟ್ಟಗೆ ಇಳಿದು, ಕೆಳಗಿನ ಪದರಗಳನ್ನೆಲ್ಲ ಕತ್ತರಿಸಿ, ಗೋಡೆಯ ಬುಡ ಮುಟ್ಟಿತ್ತು.

"ಸಾರ್, ಇದು ಅಡಿಪಾಯಕ್ಕೆ ತೋಡಿದ ಚರ" ಎಂದು ಶಹಾನಾ ಗೆರೆ ತೋರಿಸಿದಳು. "ತೋಡಲು ಶುರು ಮಾಡಿದ್ದು ಮೇಲಿನಿಂದ. ಹಳೇ ಪದರ ಕಡಿದು ಇಳಿದಿದ್ದಾರೆ, ಅದಕ್ಕೇ ಗೋಡೆ ಮಡಕೆಯ ಪಕ್ಕ ಕೂತದ್ದು. ತಳದ ಕಲ್ಲಿನ ಅಡಿಗೆ ನೋಡಿ, ಮಟ್ಟ ಮಾಡಲಿಕ್ಕೆ ಮಂಗಳೂರು ಹಂಚಿನ ಚೂರು ಕೊಟ್ಟಿದ್ದಾರೆ. ಆ ಹಂಚು ಬಂದು ನೂರೈವತ್ತು ವರ್ಷವೂ ಆಗಿಲ್ಲ. ಗೋಡೆ ಅದಕ್ಕಿಂತ ಹಳೆಯದು ಹೇಗೆ ಆಗ್ತದೆ?"

"ಇಲಿ ಎಳೆದುಕೊಂಡು ಹೋಗಿರಬಹುದು."

"ಇಲಿ ಮುರಕಲ್ಲು ಎತ್ತಿ ಹಂಚು ತುರುಕಿತಾ ಸಾರ್? ಹಾಗಾದ್ರೆ ಅದನ್ನೇ ಮೇಸ್ತ್ರಿ ಮಾಡುವ!"

ಪ್ರೊಫೆಸರರ ಮುಖ ಕೆಂಪಗಾಯಿತು. "ವರದಿಯ ನಕ್ಷೆಯಲ್ಲಿ ಆ ಗೆರೆ ಬೇಡ. ನಿನ್ನ ಹೆಸರು ಬರಬೇಕಲ್ಲ?"

ಹೆಸರಿನ ಆಸೆ ಯಾರಿಗಿಲ್ಲ? ಆದರೆ ಮಣ್ಣಿನಲ್ಲಿರುವ ಗೆರೆಯನ್ನು ಕಾಗದದಲ್ಲಿ ನುಂಗುವುದಾದರೆ ಲುಂಗಿ ಹರಿಯುವುದೇ ಮೇಲು. ಶಹಾನಾ ಗೆರೆ ಎಳೆದೇ ನಕ್ಷೆ ಕೊಟ್ಟಳು. ಅವರು ಬೇರೆಯವರಿಂದ ಗೆರೆಯಿಲ್ಲದ ನಕ್ಷೆ ಬರೆಸಿದರು. ಅವಳ ಹೆಸರು ಹೋಯಿತು. ಪತ್ರಿಕೆಗಳಲ್ಲಿ ಗೋಡೆಗೆ ಎರಡು ಸಾವಿರ ವರ್ಷ, ಪ್ರೊಫೆಸರರಿಗೆ ಶಾಲು. ಥೂ!

ಅವಳಿಗೆ ಉಳಿದದ್ದು ಗುಂಡಿ ಮುಚ್ಚಿಸುವ ಕೆಲಸ. ಮುಂದೆಂದಾದರೂ ಅಗೆಯುವವರಿಗೆ ಹಳೆಯ ಅಗೆತ ಎಲ್ಲಿಯವರೆಗೆ ಎಂದು ತಿಳಿಯಲು ತಳದಲ್ಲಿ ಪ್ಲಾಸ್ಟಿಕ್ ಹಾಸಿ ಮುಚ್ಚುವುದು ಕ್ರಮ. ಪ್ಲಾಸ್ಟಿಕ್ ತಂದಿರಲಿಲ್ಲ. ಸನ್ಮಾನದ ಫ್ಲೆಕ್ಸ್ ಶೆಡ್ಡಿಗೆ ಒರಗಿತ್ತು: ಪ್ರೊಫೆಸರರ ನಗುಮುಖ, ಕೆಳಗೆ 'ಎರಡು ಸಾವಿರ ವರ್ಷದ ಗೋಡೆಯ ಶೋಧಕ', ಇಸವಿ ಸಹಿತ.

ಶಹಾನಾ ಅದನ್ನು ಚೌಕಟ್ಟಿನಿಂದ ಬಿಚ್ಚಿ, ಗೋಡೆಯಡಿಯ ಹಂಚಿನ ಚೂರಿನ ಎದುರೇ ಮುಖ ಮೇಲೆ ಮಾಡಿ ಹಾಸಿದಳು. "ಹಾಕಿ ಮಣ್ಣು" ಎಂದಳು.